ಬೇಡಿಕೆ ಬೀಳದೆಯೂ ಬಂದ ಹಿಂಜರಿತ: ಅಮೆರಿಕದ 2001ರ ಪ್ರಕರಣ

ಅಮೆರಿಕದ ಆರ್ಥಿಕತೆ 1991ರ ಮಾರ್ಚ್‌ನಿಂದ 2001ರ ಮಾರ್ಚ್‌ವರೆಗೆ ಸತತ ಹತ್ತು ವರ್ಷ ಏರುಗತಿಯಲ್ಲಿ ಸಾಗಿತು. ಆ ದೇಶದಲ್ಲಿ ಅಲ್ಲಿಯವರೆಗೆ ದಾಖಲಾಗಿದ್ದ ಏರುಗತಿಗಳಲ್ಲಿ ಅದೇ ಅತ್ಯಂತ ದೀರ್ಘವಾದದ್ದು. ಅದರ ಬೆನ್ನಿಗೇ ಬಂದ ಹಿಂಜರಿತ ಎಂಟೇ ತಿಂಗಳಲ್ಲಿ, ಅಂದರೆ 2001ರ ನವೆಂಬರ್‌ಗೆ, ಮುಗಿಯಿತು. 1930ರ ದಶಕದ ಮಹಾ ಕುಸಿತದ ಎದುರು ಅಥವಾ 2008ರ ಹಣಕಾಸು ಬಿಕ್ಕಟ್ಟಿನ ಎದುರು ಇಟ್ಟು ನೋಡಿದರೆ ಇದು ತೀರ ಚಿಕ್ಕ ಘಟನೆ. ಆದರೂ ವ್ಯಾಪಾರ ಚಕ್ರ, ಅಂದರೆ ಆರ್ಥಿಕತೆಯ ಏರಿಳಿತದ ಸರದಿ, ಏಕೆ ತಿರುಗುತ್ತದೆ ಎಂಬ ಪ್ರಶ್ನೆಗೆ ಇದರಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಪ್ರಕರಣಗಳು ಕಡಿಮೆ. ಆ ವರ್ಷ ಜನ ಖರ್ಚು ಮಾಡುವುದನ್ನು ನಿಲ್ಲಿಸಲಿಲ್ಲ, ಮನೆಗಳ ಮಾರಾಟ ಕುಸಿಯಲಿಲ್ಲ, ದೊಡ್ಡ ಬ್ಯಾಂಕುಗಳು ಮುಳುಗಲಿಲ್ಲ, ಹಣದುಬ್ಬರವೂ ಕೈಮೀರಿರಲಿಲ್ಲ. ಕುಸಿದದ್ದು ಮುಖ್ಯವಾಗಿ ಒಂದೇ: ಕಂಪನಿಗಳು ಯಂತ್ರ, ಉಪಕರಣ ಮತ್ತು ಜಾಲಗಳ ಮೇಲೆ ಮಾಡುತ್ತಿದ್ದ ಬಂಡವಾಳ ಹೂಡಿಕೆ. ಉಳಿದೆಲ್ಲ ಕಾರಣಗಳು ತಾವಾಗಿಯೇ ಬದಿಗೆ ಸರಿದಿರುವುದರಿಂದ, ಹೂಡಿಕೆ ಎಂಬ ಒಂದು ಭಾಗ ಹೇಗೆ ಇಡೀ ಆರ್ಥಿಕತೆಯನ್ನು ಮೇಲೆತ್ತಿ ಕೆಳಗಿಳಿಸುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಬಹುದು.

ಏರಿಕೆಯ ಕಾಲ

1996ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಜಾರಿಗೆ ಬಂದು, ಅದುವರೆಗೆ ಕೆಲವೇ ಕಂಪನಿಗಳ ಹಿಡಿತದಲ್ಲಿದ್ದ ದೂರವಾಣಿ ಮಾರುಕಟ್ಟೆ ಹೊಸಬರಿಗೆ ತೆರೆದುಕೊಂಡಿತು. ಅಂತರಜಾಲ ಜನಸಾಮಾನ್ಯರ ಮನೆಗಳನ್ನು ತಲುಪಲು ಆರಂಭಿಸಿದ್ದೂ ಅದೇ ಹೊತ್ತಿನಲ್ಲಿ. ನಗರದಿಂದ ನಗರಕ್ಕೆ ಆಪ್ಟಿಕಲ್ ಫೈಬರ್ ಹಾಸಲು, ಸಾಗರದಡಿಯಲ್ಲಿ ಕೇಬಲ್ ಎಳೆಯಲು, ಅವುಗಳ ತುದಿಗಳಲ್ಲಿ ದತ್ತಾಂಶಕ್ಕೆ ದಾರಿ ತೋರುವ ರೌಟರ್ ಮತ್ತು ಸ್ವಿಚ್‌ಗಳನ್ನು ಕೂರಿಸಲು ಹತ್ತಾರು ಹೊಸ ಕಂಪನಿಗಳು ಹುಟ್ಟಿಕೊಂಡವು. ಷೇರುಪೇಟೆಯಿಂದಲೂ ಅಧಿಕ ಬಡ್ಡಿಯ ಬಾಂಡ್‌ಗಳಿಂದಲೂ ಅವುಗಳಿಗೆ ಹಣ ಧಾರಾಳವಾಗಿ ಹರಿಯಿತು. ಇಸವಿ 2000ಕ್ಕೆ ಕಂಪ್ಯೂಟರ್‌ಗಳು ದಿನಾಂಕವನ್ನು ತಪ್ಪಾಗಿ ಓದಬಹುದೆಂಬ ಭಯದಿಂದ ಸಾಮಾನ್ಯ ಕಂಪನಿಗಳೂ 1999ರಲ್ಲಿ ತಮ್ಮ ಯಂತ್ರಗಳನ್ನು ಬದಲಾಯಿಸಿದವು. ಹೀಗೆ ಮುಂದಿನ ವರ್ಷಗಳಲ್ಲಿ ಆಗಬೇಕಿದ್ದ ಖರೀದಿಯ ಒಂದು ಭಾಗ ಮೊದಲೇ ಆಗಿಹೋಯಿತು.

ಈ ಉತ್ಸಾಹದ ಅಡಿಯಲ್ಲಿ ಒಂದು ಸಂಖ್ಯೆಯಿತ್ತು. ಅಂತರಜಾಲದಲ್ಲಿ ಹರಿಯುವ ದತ್ತಾಂಶದ ದಟ್ಟಣೆ ಪ್ರತಿ ನೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತಿದೆ ಎಂಬ ಮಾತು ಆ ವರ್ಷಗಳಲ್ಲಿ ಹೂಡಿಕೆದಾರರ ಸಭೆಗಳಲ್ಲಿ ಮಾತ್ರವಲ್ಲ, ಸರ್ಕಾರಿ ವರದಿಯಲ್ಲೂ ಕಾಣಿಸಿಕೊಂಡಿತು. ತೊಂಬತ್ತರ ದಶಕದ ನಡುವೆ ಸ್ವಲ್ಪ ಕಾಲ ಬೆಳವಣಿಗೆ ಹೆಚ್ಚುಕಡಿಮೆ ಅದೇ ವೇಗದಲ್ಲಿದ್ದದ್ದು ನಿಜ. ಆಮೇಲೆ ಅದು ಸರಿಸುಮಾರು ವರ್ಷಕ್ಕೊಮ್ಮೆ ಇಮ್ಮಡಿಯಾಗುವ ಮಟ್ಟಕ್ಕೆ ಬಂದು ನಿಂತಿತ್ತು. ವರ್ಷಕ್ಕೊಮ್ಮೆ ಇಮ್ಮಡಿಯಾಗುವುದೂ ಅಸಾಧಾರಣ ಬೆಳವಣಿಗೆಯೇ. ಆದರೆ ನೂರು ದಿನಗಳ ಲೆಕ್ಕವನ್ನು ನಂಬಿದರೆ ದಟ್ಟಣೆ ಒಂದು ವರ್ಷದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚಾಗಬೇಕು. ಮೂರು ವರ್ಷ ಕಳೆಯುವಷ್ಟರಲ್ಲಿ ಒಂದು ಲೆಕ್ಕ ಎಂಟು ಪಟ್ಟು ಎನ್ನುತ್ತದೆ, ಇನ್ನೊಂದು ಲೆಕ್ಕ ಎರಡು ಸಾವಿರ ಪಟ್ಟಿನ ಹತ್ತಿರ ಹೋಗುತ್ತದೆ. ನೆಲ ಅಗೆದು ಕೇಬಲ್ ಹಾಕಿದವರು ಎರಡನೆಯ ಲೆಕ್ಕವನ್ನು ಹಿಡಿದಿದ್ದರು, ಗ್ರಾಹಕರು ಮೊದಲನೆಯದರ ಪ್ರಕಾರ ಬಂದರು.

ಒಬ್ಬ ಉದ್ಯಮಿಯ ತಪ್ಪು ಲೆಕ್ಕ ಅವನ ಕಂಪನಿಯನ್ನು ಮುಳುಗಿಸಬಹುದೇ ಹೊರತು ದೇಶದ ಆರ್ಥಿಕತೆಯನ್ನಲ್ಲ. ಇಲ್ಲಿ ತಪ್ಪು ಒಂದೇ ದಿಕ್ಕಿಗೆ ಒಟ್ಟುಗೂಡಿತು, ಮತ್ತು ಅದಕ್ಕೆ ಕಾಲದ ಅಂತರ ಕಾರಣವಾಯಿತು. ಅನುಮತಿ ಪಡೆದು, ನೆಲ ಅಗೆದು, ಫೈಬರ್ ಹಾಸಿ, ಅದರಲ್ಲಿ ದತ್ತಾಂಶ ಹರಿಸುವ ಹೊತ್ತಿಗೆ ಬಹಳ ಸಮಯ ಹಿಡಿಯುತ್ತದೆ. ಅಷ್ಟು ಕಾಲವೂ ಮಾರುಕಟ್ಟೆಯಲ್ಲಿ ಸಾಮರ್ಥ್ಯದ ಕೊರತೆಯೇ ಕಾಣುತ್ತದೆ, ದರಗಳು ಲಾಭದಾಯಕವಾಗಿಯೇ ಇರುತ್ತವೆ, ಹೊಸದಾಗಿ ಕಣಕ್ಕಿಳಿಯುವ ಪ್ರತಿಯೊಬ್ಬನಿಗೂ ತಾನು ಹೂಡುವುದು ಸರಿ ಎಂದೇ ಅನಿಸುತ್ತದೆ. ಈಗಾಗಲೇ ಅಗೆಯುತ್ತಿರುವ ಇತರರೆಲ್ಲರ ಸಾಮರ್ಥ್ಯ ಇಂದಿನ ದರದಲ್ಲಿ ಗೋಚರಿಸುವುದಿಲ್ಲ. ಅದು ಗೋಚರಿಸುವುದು ಎಲ್ಲರ ಜಾಲಗಳೂ ಹೆಚ್ಚುಕಡಿಮೆ ಒಟ್ಟಿಗೆ ಸಿದ್ಧವಾದ ದಿನ. ಇದರ ಜೊತೆಗೆ, ಒಂದೇ ಎಳೆಯಲ್ಲಿ ಹಲವು ಬಣ್ಣಗಳ ಬೆಳಕನ್ನು ಏಕಕಾಲಕ್ಕೆ ಕಳಿಸುವ ತಂತ್ರ ಸುಧಾರಿಸಿ, ಹಾಸಿದ್ದ ಫೈಬರ್‌ನ ಸಾಮರ್ಥ್ಯ ಹೊಸದಾಗಿ ಅಗೆಯದೆಯೇ ಹಲವು ಪಟ್ಟು ಹೆಚ್ಚಿತು. ಹಾಸಿದ ಎಳೆಗಳಲ್ಲಿ ಬಹುಪಾಲು ಬೆಳಕನ್ನೇ ಕಾಣದೆ ಉಳಿದವು.

ಒಂದು ಸರಳ ಲೆಕ್ಕ

ಇಲ್ಲಿ ಪ್ರಕರಣದ ತಿರುಳಿದೆ, ಹಾಗಾಗಿ ಸ್ವಲ್ಪ ನಿಧಾನಿಸಿ ನೋಡುವುದು ಒಳ್ಳೆಯದು. ಒಂದು ಜಾಲದಲ್ಲಿ ನೂರು ರೌಟರ್‌ಗಳಿವೆ ಎಂದುಕೊಳ್ಳೋಣ. ದಟ್ಟಣೆ ಎಷ್ಟು ಹೆಚ್ಚಿದರೆ ರೌಟರ್‌ಗಳೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು, ಮತ್ತು ಪ್ರತಿವರ್ಷ ಇದ್ದದ್ದರಲ್ಲಿ ಹತ್ತನೇ ಒಂದು ಭಾಗ ಹಳೆಯದಾಗಿ ಬದಲಾಗಬೇಕು. ಮೊದಲ ವರ್ಷ ದಟ್ಟಣೆ ಶೇ. 50ರಷ್ಟು ಹೆಚ್ಚುತ್ತದೆ. ಆಗ ಹೆಚ್ಚುವರಿಯಾಗಿ 50 ಮತ್ತು ಬದಲಿಗೆ 10, ಒಟ್ಟು 60 ರೌಟರ್‌ಗಳಿಗೆ ಆರ್ಡರ್ ಹೋಗುತ್ತದೆ. ಎರಡನೆಯ ವರ್ಷವೂ ಶೇ. 50 ಬೆಳವಣಿಗೆಯಾದರೆ, 150 ಇದ್ದದ್ದು 225 ಆಗಬೇಕು. ಹೊಸದಾಗಿ 75, ಬದಲಿಗೆ 15, ಒಟ್ಟು 90. ಮೂರನೆಯ ವರ್ಷ ದಟ್ಟಣೆ ಇನ್ನೂ ಬೆಳೆಯುತ್ತದೆ, ಆದರೆ ಶೇ. 10ರಷ್ಟು ಮಾತ್ರ. ಆಗ ಹೊಸದಾಗಿ ಬೇಕಾದದ್ದು ಸುಮಾರು 22, ಬದಲಿಗೆ ಇನ್ನೊಂದು 22, ಹೆಚ್ಚುಕಡಿಮೆ 45.

ದಟ್ಟಣೆ ಒಂದು ವರ್ಷವೂ ಕಡಿಮೆಯಾಗಲಿಲ್ಲ. ರೌಟರ್ ತಯಾರಕನ ಮಾರಾಟ ಮಾತ್ರ ಮೂರನೆಯ ವರ್ಷ ಅರ್ಧಕ್ಕೆ ಇಳಿಯಿತು. ಮೊದಲೇ ಅತಿಯಾಗಿ ಕೊಂಡಿಟ್ಟಿದ್ದರೆ ಪರಿಸ್ಥಿತಿ ಇನ್ನೂ ಕಠಿಣ. ಎರಡನೆಯ ವರ್ಷದ ಕೊನೆಗೆ 225ರ ಬದಲು 300 ರೌಟರ್‌ಗಳಿದ್ದರೆ, ಮೂರನೆಯ ವರ್ಷಕ್ಕೆ ಬೇಕಾದ ಸುಮಾರು 247ಕ್ಕೆ ಅವೇ ಸಾಕು, ಹಳೆಯವನ್ನು ಬದಲಾಯಿಸುವ ಅಗತ್ಯವೂ ಬೀಳುವುದಿಲ್ಲ, ಆ ವರ್ಷದ ಆರ್ಡರ್ ಸೊನ್ನೆ.

ಅರ್ಥಶಾಸ್ತ್ರದಲ್ಲಿ ಇದನ್ನು ವೇಗವರ್ಧಕ ತತ್ವ ಎನ್ನುತ್ತಾರೆ. ಜನ ನೇರವಾಗಿ ಬಳಸುವ ಅನುಭೋಗದ ಸರಕಿನ ಉತ್ಪಾದನೆ ಬೇಡಿಕೆಯ ಮಟ್ಟವನ್ನು ಅವಲಂಬಿಸಿದರೆ, ಹೂಡಿಕೆ ಸರಕಿನ ಬೇಡಿಕೆ ಆ ಮಟ್ಟ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬುದನ್ನು ಅವಲಂಬಿಸುತ್ತದೆ. ಆದ್ದರಿಂದ ಹೂಡಿಕೆ ಇದ್ದಲ್ಲೇ ಇರಬೇಕಾದರೂ ಬೇಡಿಕೆ ಬೆಳೆಯುತ್ತಲೇ ಇರಬೇಕು. ಅದೂ ಹಿಂದಿನ ವೇಗದಲ್ಲೇ. ಯಾವ ಬೇಡಿಕೆಯೂ ಆ ವೇಗವನ್ನು ಶಾಶ್ವತವಾಗಿ ಉಳಿಸಿಕೊಳ್ಳುವುದಿಲ್ಲ. ಏರಿಕೆ ಏಕೆ ಕೊನೆಗೊಂಡಿತು ಎಂದು ಕೇಳುವವರು ಸಾಮಾನ್ಯವಾಗಿ ಯಾವುದೋ ಹೊರಗಿನ ಆಘಾತವನ್ನು ಹುಡುಕುತ್ತಾರೆ. ಈ ಪ್ರಕರಣದಲ್ಲಿ ಅಂಥ ಆಘಾತದ ಅಗತ್ಯವೇ ಇರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಈ ಹಿಂಜರಿತಕ್ಕೆ ಕಾರಣವೆಂದು ಈಗಲೂ ಹೇಳುವವರಿದ್ದಾರೆ. ದಾಳಿ ನಡೆದಾಗ ಹಿಂಜರಿತ ಆರಂಭವಾಗಿ ಆರು ತಿಂಗಳಾಗಿತ್ತು.

ತಿರುವು, ಹತ್ತಿರದಿಂದ

ರೌಟರ್ ತಯಾರಿಕೆಯಲ್ಲಿ ಮುಂಚೂಣಿಯಲ್ಲಿದ್ದ ಸಿಸ್ಕೋ ಕಂಪನಿಯ ಲೆಕ್ಕಪುಸ್ತಕದಲ್ಲಿ ಈ ತಿರುವು ಬಹಳ ಸ್ಪಷ್ಟವಾಗಿ ಮೂಡಿದೆ. 2000ರ ಮಾರ್ಚ್‌ನಲ್ಲಿ ಅದು ಕೆಲಕಾಲ ಷೇರು ಮೌಲ್ಯದ ಲೆಕ್ಕದಲ್ಲಿ ಜಗತ್ತಿನ ಅತ್ಯಂತ ದೊಡ್ಡ ಕಂಪನಿಯಾಗಿತ್ತು. ಆ ವರ್ಷ ಬಿಡಿಭಾಗಗಳಿಗೆ ತೀವ್ರ ಅಭಾವವಿತ್ತು, ಗ್ರಾಹಕರು ಸರಕಿಗಾಗಿ ವಾರಗಟ್ಟಲೆ ಕಾಯುತ್ತಿದ್ದರು. ಕಾಯುವ ಗ್ರಾಹಕ ಒಂದೇ ಕಡೆ ಆರ್ಡರ್ ಕೊಟ್ಟು ಸುಮ್ಮನಿರುವುದಿಲ್ಲ. ಎರಡು ಮೂರು ಕಡೆ ಕೊಟ್ಟು, ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದವನ್ನು ರದ್ದು ಮಾಡುತ್ತಾನೆ. ಬೇಕಾದದ್ದಕ್ಕಿಂತ ಹೆಚ್ಚು ಕೇಳಿಟ್ಟರೆ ಬೇಕಾದಷ್ಟಾದರೂ ಸಿಕ್ಕೀತು ಎಂಬ ಲೆಕ್ಕವೂ ಇರುತ್ತದೆ. ತಯಾರಕನಿಗೆ ಕಾಣುವುದು ಆರ್ಡರ್‌ಗಳ ಮೊತ್ತ, ಅವುಗಳ ಹಿಂದಿನ ನಿಜವಾದ ಅಗತ್ಯವಲ್ಲ. ಆ ಮೊತ್ತವನ್ನು ನಂಬಿ ಕಂಪನಿ ಚಿಪ್ ಮತ್ತಿತರ ಬಿಡಿಭಾಗಗಳನ್ನು ಮುಂಗಡವಾಗಿ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಬಿಡಿಭಾಗ ತಯಾರಕರು ಆ ಒಪ್ಪಂದಗಳನ್ನು ನಂಬಿ ತಮ್ಮ ಕಾರ್ಖಾನೆಗಳನ್ನು ವಿಸ್ತರಿಸಿದರು.

2001ರ ಜನವರಿಗೆ ಮುಗಿದ ತ್ರೈಮಾಸಿಕದಲ್ಲಿ ಕಂಪನಿಯ ವರಮಾನ ಸುಮಾರು 670 ಕೋಟಿ ಡಾಲರ್ ಇತ್ತು. ಮುಂದಿನ ತ್ರೈಮಾಸಿಕದಲ್ಲಿ, ಅಂದರೆ ಏಪ್ರಿಲ್‌ಗೆ, ಅದು ಸುಮಾರು 470 ಕೋಟಿಗೆ ಇಳಿಯಿತು. ಮೂರೇ ತಿಂಗಳಲ್ಲಿ ಶೇ. 30ರಷ್ಟು ಇಳಿಕೆ. ಎಂದೂ ಮಾರಾಟವಾಗದು ಎಂದು ತೀರ್ಮಾನಿಸಿದ ಸುಮಾರು 225 ಕೋಟಿ ಡಾಲರ್ ಮೌಲ್ಯದ ದಾಸ್ತಾನನ್ನು ಕಂಪನಿ ನಷ್ಟವೆಂದು ಬರೆದುಹಾಕಿತು, ಸುಮಾರು 8,500 ಜನರನ್ನು ಕೆಲಸದಿಂದ ತೆಗೆಯಿತು. ಈ ದಾಸ್ತಾನಿನಲ್ಲಿ ಬಹಳಷ್ಟು ಇನ್ನೂ ಯಂತ್ರವಾಗಿ ಜೋಡಣೆಯೇ ಆಗದಿದ್ದ ಬಿಡಿಭಾಗಗಳು. ಪೂರೈಕೆ ಮತ್ತು ಮಾರಾಟವನ್ನು ಗಣಕದಲ್ಲಿ ದಿನದಿನವೂ ನೋಡಬಲ್ಲ ಕಂಪನಿ ಎಂದು ಅದಕ್ಕೆ ಹೆಸರಿತ್ತು ಎಂಬುದನ್ನು ನೆನೆದರೆ ಪಾಠ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಾಹಿತಿ ಬೇಗ ಬರುತ್ತಿತ್ತು. ಆದರೆ ಬಂದ ಮಾಹಿತಿ ಆರ್ಡರ್‌ಗಳದ್ದಾಗಿತ್ತು, ಆ ಆರ್ಡರ್‌ಗಳಲ್ಲಿ ಒಂದು ಭಾಗ ಪೊಳ್ಳಾಗಿತ್ತು.

ಇನ್ನೊಂದು ಕೊಂಡಿ ಸಾಲದ್ದು. ಉಪಕರಣ ತಯಾರಕರು ತಮ್ಮ ಗ್ರಾಹಕರಿಗೆ ತಾವೇ ಸಾಲ ಕೊಟ್ಟು ಸರಕು ಮಾರುವ ಪದ್ಧತಿ ಆ ವರ್ಷಗಳಲ್ಲಿ ಹಬ್ಬಿತ್ತು. ಲೂಸೆಂಟ್ ಕಂಪನಿ ವಿನ್‌ಸ್ಟಾರ್ ಎಂಬ ಹೊಸ ದೂರಸಂಪರ್ಕ ಕಂಪನಿಗೆ 200 ಕೋಟಿ ಡಾಲರ್‌ವರೆಗೆ ಸಾಲದ ಭರವಸೆ ಕೊಟ್ಟಿತ್ತು. ಆ ಸಾಲದಿಂದ ಕೊಂಡ ಸರಕು ಲೂಸೆಂಟ್‌ನ ಮಾರಾಟವಾಗಿ ದಾಖಲಾಗುತ್ತಿತ್ತು, ಮಾರಾಟ ಏರಿದಂತೆ ಷೇರು ಏರುತ್ತಿತ್ತು, ಷೇರು ಏರಿದಂತೆ ಇನ್ನಷ್ಟು ಸಾಲ ಕೊಡುವುದು ಸುಲಭವಾಗುತ್ತಿತ್ತು. ಸಂಬಂಧ ಹದಗೆಟ್ಟು ಲೂಸೆಂಟ್ ಮತ್ತಷ್ಟು ಹಣ ಕೊಡಲು ನಿರಾಕರಿಸಿದಾಗ, 2001ರ ಏಪ್ರಿಲ್‌ನಲ್ಲಿ ವಿನ್‌ಸ್ಟಾರ್ ದಿವಾಳಿ ಅರ್ಜಿ ಹಾಕಿತು. ಏರಿಕೆಯಲ್ಲಿ ಒಂದನ್ನೊಂದು ಮೇಲೆ ತಳ್ಳಿದ ಸರಪಳಿಯೇ ಇಳಿಕೆಯಲ್ಲಿ ಕೆಳಗೆ ಎಳೆಯಿತು. ಇತರ ದೂರಸಂಪರ್ಕ ಕಂಪನಿಗಳಲ್ಲಿ, 2002ರ ಜನವರಿಯಲ್ಲಿ ಗ್ಲೋಬಲ್ ಕ್ರಾಸಿಂಗ್, ಜುಲೈನಲ್ಲಿ ವರ್ಲ್ಡ್‌ಕಾಮ್ ದಿವಾಳಿಯಾದವು.

ಇಷ್ಟರಲ್ಲಿ ಷೇರುಪೇಟೆ ತನ್ನ ತೀರ್ಪನ್ನು ಮೊದಲೇ ಕೊಟ್ಟಿತ್ತು. ತಂತ್ರಜ್ಞಾನ ಕಂಪನಿಗಳ ಷೇರುಗಳೇ ಹೆಚ್ಚಿರುವ ನ್ಯಾಸ್ಡ್ಯಾಕ್ ಸೂಚ್ಯಂಕ 2000ರ ಮಾರ್ಚ್ 10ರಂದು 5,048ಕ್ಕೆ ಮುಟ್ಟಿ, 2002ರ ಅಕ್ಟೋಬರ್ 9ಕ್ಕೆ 1,114ಕ್ಕೆ ಇಳಿಯಿತು. ಷೇರು ಬಿದ್ದದ್ದರಿಂದ ಹಿಂಜರಿತ ಬಂತು ಎನ್ನುವುದಕ್ಕಿಂತ, ಷೇರು ಬಿದ್ದದ್ದರಿಂದ ಹೊಸ ಬಂಡವಾಳ ಎತ್ತುವ ದಾರಿ ಮುಚ್ಚಿತು, ಹಾಗಾಗಿ ಹೂಡಿಕೆಯ ಇಳಿಕೆ ವೇಗ ಪಡೆಯಿತು ಎನ್ನುವುದು ಹೆಚ್ಚು ಸರಿ.

ಕೇಂದ್ರ ಬ್ಯಾಂಕಿನ ಪಾತ್ರ

ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 1999ರ ಜೂನ್‌ನಿಂದ 2000ರ ಮೇ ತನಕ ತನ್ನ ಬಡ್ಡಿ ದರವನ್ನು ಶೇ. 4.75ರಿಂದ ಶೇ. 6.5ಕ್ಕೆ ಏರಿಸಿತ್ತು. ನಿರುದ್ಯೋಗ ಶೇ. 4ರ ಆಸುಪಾಸಿಗೆ ಇಳಿದಿದ್ದರಿಂದ ಹಣದುಬ್ಬರ ಏರೀತೆಂಬ ಆತಂಕ ಅದಕ್ಕಿತ್ತು. ಈ ಏರಿಕೆ ತಿರುವನ್ನು ಬೇಗ ತಂದಿತು ಎನ್ನಬಹುದು, ಸೃಷ್ಟಿಸಿತು ಎನ್ನಲಾಗದು. ವರ್ಷಕ್ಕೆ ಹನ್ನೆರಡು ಪಟ್ಟು ಬೆಳವಣಿಗೆ ನಂಬಿ ಹೂಡುವವನಿಗೆ ಬಡ್ಡಿಯಲ್ಲಿ ಒಂದೂಮುಕ್ಕಾಲು ಶೇಕಡಾ ವ್ಯತ್ಯಾಸ ನಿರ್ಣಾಯಕವಲ್ಲ. 2001ರ ಜನವರಿ 3ರಂದು, ನಿಗದಿತ ಸಭೆಗೂ ಕಾಯದೆ, ಬ್ಯಾಂಕು ಅರ್ಧ ಶೇಕಡಾ ಕಡಿತ ಮಾಡಿತು. ಆ ವರ್ಷದಲ್ಲಿ ಹನ್ನೊಂದು ಕಡಿತಗಳಾಗಿ ಡಿಸೆಂಬರ್‌ಗೆ ದರ ಶೇ. 1.75ಕ್ಕೆ ಬಂತು, 2003ರ ಜೂನ್‌ಗೆ ಶೇ. 1ಕ್ಕೆ.

ಇಷ್ಟು ತ್ವರಿತ ಕಡಿತವೂ ಹೂಡಿಕೆಯನ್ನು ಎತ್ತಲಿಲ್ಲ ಎಂಬುದನ್ನು ಗಮನಿಸಬೇಕು. ಮುನ್ನೂರು ರೌಟರ್ ಇದ್ದು ಇನ್ನೂರ ನಲವತ್ತೇಳು ಸಾಕಾಗಿರುವವನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟರೂ ಅವನು ಇನ್ನೊಂದನ್ನು ಕೊಳ್ಳುವುದಿಲ್ಲ. ಕಡಿತ ಕೆಲಸ ಮಾಡಿದ್ದು ಬೇರೆ ಕಡೆ. ಮನೆ ಸಾಲ ಅಗ್ಗವಾಯಿತು, ಲಕ್ಷಾಂತರ ಕುಟುಂಬಗಳು ಹಳೆಯ ಸಾಲವನ್ನು ಕಡಿಮೆ ಬಡ್ಡಿಯ ಹೊಸ ಸಾಲಕ್ಕೆ ಬದಲಾಯಿಸಿಕೊಂಡವು. ಸೆಪ್ಟೆಂಬರ್ ದಾಳಿಯ ನಂತರ ಕಾರು ತಯಾರಕರು ಶೂನ್ಯ ಬಡ್ಡಿಯ ಕಂತಿನಲ್ಲಿ ಕಾರು ಮಾರಿದರು. 2001ರ ಜೂನ್‌ನಲ್ಲಿ ಕಾಯ್ದೆಯಾದ ತೆರಿಗೆ ಕಡಿತದ ಭಾಗವಾಗಿ ಕುಟುಂಬಗಳಿಗೆ ಚೆಕ್‌ಗಳು ಹೋದವು. ಹೀಗೆ ಅನುಭೋಗ ಏರುತ್ತಲೇ ಇದ್ದು, ಹೂಡಿಕೆಯ ಕುಸಿತಕ್ಕೆ ಅಡಿಯಲ್ಲಿ ನೆಲ ಸಿಕ್ಕಿತು. ಹಿಂಜರಿತ ಆಳವಾಗದೆ ಉಳಿದದ್ದಕ್ಕೆ ಇದೊಂದು ಕಾರಣ. ನಷ್ಟ ಬಹುತೇಕ ಷೇರುದಾರರ ಮತ್ತು ಬಾಂಡ್ ಕೊಂಡವರ ಪಾಲಿಗೆ ಬಿದ್ದು, ಬ್ಯಾಂಕುಗಳ ಬುಡ ಅಲುಗದೆ ಉಳಿದದ್ದು ಇನ್ನೊಂದು ಕಾರಣ, ನನ್ನ ಎಣಿಕೆಯಲ್ಲಿ ದೊಡ್ಡದು. 2008ರಲ್ಲಿ ನಷ್ಟ ಸಾಲ ಕೊಟ್ಟ ಸಂಸ್ಥೆಗಳ ಒಳಗೇ ಕೂತಿತ್ತು, ಆಗ ಕುಸಿತದ ಆಳವೇ ಬೇರೆಯಾಯಿತು.

ಗುರುತಿಸುವುದು ಏಕೆ ಕಷ್ಟ

ಅಮೆರಿಕದಲ್ಲಿ ಏರುಗತಿಯ ಶಿಖರ ಮತ್ತು ಹಿಂಜರಿತದ ತಳವನ್ನು ನಿರ್ಧರಿಸುವುದು ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್ ಎಂಬ ಖಾಸಗಿ ಸಂಶೋಧನಾ ಸಂಸ್ಥೆಯ ಸಮಿತಿ. ಶಿಖರ 2001ರ ಮಾರ್ಚ್‌ನಲ್ಲಿತ್ತು ಎಂದು ಅದು ಪ್ರಕಟಿಸಿದ್ದು ಅದೇ ವರ್ಷದ ನವೆಂಬರ್ 26ರಂದು, ಅಂದರೆ ಹಿಂಜರಿತ ಮುಗಿಯುತ್ತಿದ್ದ ತಿಂಗಳಲ್ಲೇ. ತಳ ನವೆಂಬರ್‌ನಲ್ಲಿತ್ತು ಎಂಬ ಪ್ರಕಟಣೆ ಬಂದದ್ದು 2003ರ ಜುಲೈ 17ರಂದು.

ಇದನ್ನು ಸಮಿತಿಯ ಆಲಸ್ಯ ಎಂದುಕೊಳ್ಳಬಾರದು. ಸತತ ಎರಡು ತ್ರೈಮಾಸಿಕ ಜಿಡಿಪಿ ಇಳಿದರೆ ಹಿಂಜರಿತ ಎಂಬ ಜನಪ್ರಿಯ ನಿಯಮ ಈ ಪ್ರಕರಣದಲ್ಲಿ ಕೈಕೊಡುತ್ತದೆ. ಮೊದಲು ಬಂದ ಅಂಕಿಅಂಶಗಳು ಒಂದೇ ತ್ರೈಮಾಸಿಕದ ಇಳಿಕೆಯನ್ನು ತೋರಿಸಿದವು, 2002ರ ಪರಿಷ್ಕರಣೆ ಸತತ ಮೂರನ್ನು ತೋರಿಸಿತು, ಆಮೇಲಿನ ಪರಿಷ್ಕರಣೆಗಳಲ್ಲಿ ಇಳಿಕೆಯ ತ್ರೈಮಾಸಿಕಗಳ ನಡುವೆ ಏರಿಕೆಯದೊಂದು ಸೇರಿಕೊಂಡಿತು. ಸಮಿತಿ ಉದ್ಯೋಗ, ಜನರ ನಿಜ ಆದಾಯ, ಕೈಗಾರಿಕಾ ಉತ್ಪಾದನೆ, ಮಾರಾಟ ಇವುಗಳ ಮಾಸಿಕ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದಲೇ ತೀರ್ಮಾನ ಸಾಧ್ಯವಾಯಿತು. ಮುಂಚಿತವಾಗಿ ಸುಳಿವು ಕೊಟ್ಟ ಅಂಕಿಗಳೂ ಇದ್ದವು. ಕೈಗಾರಿಕಾ ಉತ್ಪಾದನೆ 2000ರ ದ್ವಿತೀಯಾರ್ಧದಲ್ಲೇ ಇಳಿಮುಖವಾಗಿತ್ತು. ಸರ್ಕಾರಿ ಸಾಲಪತ್ರಗಳಲ್ಲಿ ದೀರ್ಘಾವಧಿಯ ಬಡ್ಡಿ ಅಲ್ಪಾವಧಿಯದಕ್ಕಿಂತ ಕಡಿಮೆಯಾಗಿತ್ತು, ಅಂದರೆ ಮುಂದೆ ಬಡ್ಡಿ ಇಳಿಯಲಿದೆ ಎಂದು ಸಾಲಪತ್ರ ಕೊಳ್ಳುವವರು ಎಣಿಸಿದ್ದರು. ಆದರೆ ಅತಿ ಮುಖ್ಯ ಸುಳಿವು ಇದ್ದದ್ದು ಬೆಳವಣಿಗೆಯ ವೇಗದಲ್ಲಿ. ದಟ್ಟಣೆ ಬೆಳೆಯುತ್ತಿದೆಯೇ ಎಂದು ಎಲ್ಲರೂ ಕೇಳುತ್ತಿದ್ದರು, ಕಳೆದ ವರ್ಷದಷ್ಟೇ ವೇಗದಲ್ಲಿ ಬೆಳೆಯುತ್ತಿದೆಯೇ ಎಂದು ಕೇಳಿದವರು ಬಹಳ ಕಡಿಮೆ.

ತಳದ ನಂತರ

ಚಕ್ರದ ತಳ ಎಂದರೆ ಕಷ್ಟ ಮುಗಿದ ದಿನವಲ್ಲ, ಉತ್ಪಾದನೆ ಇಳಿಯುವುದು ನಿಂತ ದಿನ ಮಾತ್ರ. ನಿರುದ್ಯೋಗ ದರ ಶಿಖರದ ತಿಂಗಳಲ್ಲಿ ಶೇ. 4.3 ಇತ್ತು, ತಳದ ತಿಂಗಳಲ್ಲಿ ಶೇ. 5.5, ಆಮೇಲೂ ಏರುತ್ತಾ 2003ರ ಜೂನ್‌ಗೆ ಶೇ. 6.3 ಮುಟ್ಟಿತು. ಸಂಬಳದ ಪಟ್ಟಿಯಲ್ಲಿದ್ದವರ ಸಂಖ್ಯೆ 2003ರ ಬೇಸಿಗೆಯವರೆಗೂ ಕುಗ್ಗಿ, ಒಟ್ಟು ಸುಮಾರು 27 ಲಕ್ಷ ಉದ್ಯೋಗಗಳು ಹೋದವು. ಇವುಗಳಲ್ಲಿ ಬಹುಪಾಲು ಕಾರ್ಖಾನೆಗಳವು, ಚೇತರಿಕೆಯ ಜೊತೆ ಅವು ಹಿಂತಿರುಗಲಿಲ್ಲ. ಏಕೆಂದರೆ ಹೊಸ ಯಂತ್ರಗಳಿಂದ ಇರುವ ಕೆಲಸಗಾರರಲ್ಲೇ ಹೆಚ್ಚು ಉತ್ಪಾದನೆ ಸಾಧ್ಯವಾಗಿತ್ತು, ಒಂದಷ್ಟು ಉತ್ಪಾದನೆ ದೇಶದಾಚೆಗೂ ಹೋಗುತ್ತಿತ್ತು. ಎಂಟು ತಿಂಗಳ ಹಿಂಜರಿತ ಎಂಬ ದಾಖಲೆಯ ಮಾತು ಕೆಲಸ ಕಳೆದುಕೊಂಡವರ ಅನುಭವಕ್ಕೆ ನ್ಯಾಯ ಒದಗಿಸುವುದಿಲ್ಲ ಎಂದೇ ನಾನು ಭಾವಿಸುತ್ತೇನೆ.

ಹೂಡಿಕೆ ಮತ್ತೆ ಏಳಲು ಬೇಕಾದದ್ದು ಕಾಲ. ಒಂದೆಡೆ ಕಂಪ್ಯೂಟರ್ ಮತ್ತು ರೌಟರ್‌ಗಳು ಬೇಗ ಹಳೆಯದಾದವು, ಇನ್ನೊಂದೆಡೆ ದಟ್ಟಣೆ ತನ್ನ ಪಾಡಿಗೆ ಬೆಳೆಯುತ್ತಾ ಖಾಲಿ ಸಾಮರ್ಥ್ಯವನ್ನು ತುಂಬಿತು. 2003ರಲ್ಲಿ ಉಪಕರಣಗಳ ಖರೀದಿ ಮತ್ತೆ ಏರಿತು. ಅಷ್ಟರಲ್ಲಿ ಅಗ್ಗದ ಸಾಲ ವಸತಿ ಕ್ಷೇತ್ರದಲ್ಲಿ ಮುಂದಿನ ಏರಿಕೆಯನ್ನು ಆರಂಭಿಸಿಯಾಗಿತ್ತು. ಅಷ್ಟು ದೀರ್ಘಕಾಲ ದರವನ್ನು ಕೆಳಗಿಟ್ಟದ್ದೇ 2008ಕ್ಕೆ ದಾರಿ ಮಾಡಿತೇ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ದರ ನೆರವಾಯಿತು, ಆದರೆ ಸಾಲ ಕೊಡುವವರ ಮೇಲಿನ ನಿಗಾ ಸಡಿಲವಿಲ್ಲದಿದ್ದರೆ ದರವೊಂದೇ ಅಷ್ಟು ಅನಾಹುತ ಮಾಡುತ್ತಿರಲಿಲ್ಲ ಎಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಈ ಪ್ರಕರಣದ ವಿವರಣೆಯನ್ನು ಎಲ್ಲ ಹಿಂಜರಿತಗಳಿಗೂ ಹಚ್ಚಲಾಗದು. ಅಮೆರಿಕದ 1981–82ರ ಹಿಂಜರಿತ, ಹಣದುಬ್ಬರ ಇಳಿಸಲೆಂದು ಕೇಂದ್ರ ಬ್ಯಾಂಕ್ ತಿಳಿದೇ ಬಡ್ಡಿಯನ್ನು ಬಿಗಿಗೊಳಿಸಿದ್ದರಿಂದ ಬಂದದ್ದು, ಬಿಗಿ ಸಡಿಲಿಸಿದಾಗ ಚೇತರಿಕೆಯೂ ಬಿರುಸಾಗಿತ್ತು. 2020ರದು ರೋಗಭಯದಿಂದ ಜನ ಮನೆಯಲ್ಲಿ ಉಳಿದದ್ದರಿಂದ ಬಂದದ್ದು. 2001ರದು ಅತಿಹೂಡಿಕೆಯದು. ಅತಿಹೂಡಿಕೆಯ ಹಿಂಜರಿತಕ್ಕೆ ಒಂದು ವಿಶೇಷ ಲಕ್ಷಣವಿದೆ: ಹಣ ಹಾಕಿದವನು ಮುಳುಗಿದರೂ ಅವನು ಕಟ್ಟಿದ್ದು ಉಳಿಯುತ್ತದೆ, ಅದರ ಬೆಲೆ ಮಾತ್ರ ಬದಲಾಗುತ್ತದೆ. ಶತಕೋಟಿಗಟ್ಟಲೆ ಡಾಲರ್ ಸುರಿದು ಹಾಸಿದ್ದ ಟೈಕೋ ಕಂಪನಿಯ ಸಾಗರದಡಿಯ ಜಾಲವನ್ನು ಭಾರತದ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ 13 ಕೋಟಿ ಡಾಲರ್‌ಗೆ ಕೊಂಡಿತು. ಆ ಬೆಲೆಗೆ ಕೊಂಡವನು ಅಗ್ಗದ ದರದಲ್ಲಿ ಸಂಪರ್ಕ ಮಾರಬಲ್ಲ, ಮೊದಲು ಹಾಸಿದವನಿಗೆ ಅದು ಎಂದೂ ಸಾಧ್ಯವಿರಲಿಲ್ಲ.